ಹಾಕಿಕೊಳ್ಳದೆ ಇಟ್ಟ ಪಿಯು ಜಾಕೆಟ್ ಯಾಕೆ ಸಿಪ್ಪೆ ಬಿಡುತ್ತದೆ? ಒರೆಸುವ, ಎತ್ತಿಡುವ ಸರಿಯಾದ ಕ್ರಮ

ಮೂರು ವರ್ಷದ ಹಿಂದೆ ಒಂದು ಕಪ್ಪು ಜಾಕೆಟ್ ಕೊಂಡಿದ್ದೆ. ಕೃತಕ ಚರ್ಮದ್ದು, ಒಳಗಿನ ಲೇಬಲ್ ಮೇಲೆ ಪಿಯು, ಅಂದರೆ ಪಾಲಿಯುರೆಥೇನ್, ಅಂತ ಬರೆದಿತ್ತು. ತುಂಬಾ ಇಷ್ಟಪಟ್ಟು ತಂದದ್ದು, ಹಾಗಾಗಿ ಜೋಪಾನವಾಗಿಯೇ ಇಟ್ಟೆ. ನಾಲ್ಕೈದು ಸಲ ಹಾಕಿಕೊಂಡಿರಬಹುದು, ಅಷ್ಟೇ. ಉಳಿದ ಸಮಯವೆಲ್ಲ ಅದು ಬಂದಿದ್ದ ಪ್ಲಾಸ್ಟಿಕ್ ಕವರ್‌ನಲ್ಲೇ, ಜಿಪ್ ಎಳೆದು, ಬೀರುವಿನ ಕೆಳಗಿನ ಅರೆಯಲ್ಲಿ ಮಡಚಿ ಇಟ್ಟಿತ್ತು. ಮೊನ್ನೆ ತೆಗೆದು ಕೊಡವಿದರೆ ಕಾಲರ್‌ನಿಂದ ಕಪ್ಪು ಚೂರುಗಳು ಉದುರಿದವು. ಬೆರಳಿನಿಂದ ಮುಟ್ಟಿದಲ್ಲೆಲ್ಲ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಿನ ಪದರ ಎದ್ದು ಬಂತು. ಕೆಳಗೆ ಬೂದು ಬಣ್ಣದ ಹೆಣೆದ ಬಟ್ಟೆ ಕಾಣಿಸಿತು.

ಅಕ್ಕ ನೋಡಿ, "ಹಾಕ್ಕೊಂಡೇ ಇಲ್ವಲ್ಲೋ, ಹೇಗೆ ಹಾಳಾಯ್ತು?" ಅಂದಳು.

ಆ ಪ್ರಶ್ನೆಗೆ ಉತ್ತರ ಗೊತ್ತಾದರೆ ಪಿಯು ವಸ್ತುವನ್ನು ಹೇಗೆ ಒರೆಸಬೇಕು, ಹೇಗೆ ಎತ್ತಿಡಬೇಕು ಅನ್ನುವುದರಲ್ಲಿ ಮುಕ್ಕಾಲು ಭಾಗ ತಾನಾಗಿಯೇ ತಿಳಿಯುತ್ತದೆ. ಅದಕ್ಕೇ ಮೊದಲು ಕಾರಣ ಹೇಳುತ್ತೇನೆ, ಆಮೇಲೆ ಕ್ರಮಕ್ಕೆ ಬರುತ್ತೇನೆ.

ಒಳಗೆ ಏನಿದೆ

ಜಾಕೆಟ್‌ನ ಒಳ ಹೊಲಿಗೆಯ ಹತ್ತಿರ, ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬಟ್ಟೆ ಇರುತ್ತದೆ, ಸಾಮಾನ್ಯವಾಗಿ ಪಾಲಿಯೆಸ್ಟರ್‌ನಲ್ಲಿ ಹೆಣೆದದ್ದು. ಅದರ ಮೇಲೆ ಸ್ಪಂಜಿನಂಥ ಒಂದು ಪದರ, ಇಲ್ಲವೇ ಬರೀ ಅಂಟಿನ ಪದರ. ಎಲ್ಲಕ್ಕಿಂತ ಮೇಲೆ ಬಣ್ಣ ಸೇರಿಸಿ, ಚರ್ಮದ ಗೆರೆಗಳನ್ನು ಅಚ್ಚೊತ್ತಿದ ಪಾಲಿಯುರೆಥೇನ್ ಪೊರೆ. ಇಡೀ ಬಟ್ಟೆ ಒಂದು ಮಿಲಿಮೀಟರ್ ಆಸುಪಾಸು ದಪ್ಪ ಇದ್ದರೆ, ನಾವು ಚರ್ಮ ಅಂದುಕೊಂಡು ಸವರುವ ಆ ಪೊರೆ ಅದರಲ್ಲಿ ಬಹಳ ಸಣ್ಣ ಪಾಲು. ಕೂದಲೆಳೆಯ ದಪ್ಪಕ್ಕೆ ಹೋಲಿಸುವಷ್ಟು ತೆಳು.

ನಿಜವಾದ ಚರ್ಮ ಹೀಗಲ್ಲ. ಅದು ಮೇಲಿನಿಂದ ಕೆಳಗಿನವರೆಗೆ ನಾರುಗಳು ಒಂದಕ್ಕೊಂದು ಹೆಣೆದುಕೊಂಡಿರುವ ವಸ್ತು. ಹಳೆಯದಾದರೆ ಒಣಗುತ್ತದೆ, ಬಿರಿಯುತ್ತದೆ, ಆದರೆ ಹೀಗೆ ಹಾಳೆ ಹಾಳೆಯಾಗಿ ಕಳಚುವುದಿಲ್ಲ. ಪಿಯುನಲ್ಲಿ ಪೊರೆ ಬೇರೆ, ಬಟ್ಟೆ ಬೇರೆ. ನಡುವಿನ ಹಿಡಿತ ಸಡಿಲವಾದರೆ ಮುಗಿಯಿತು, ಸಿಪ್ಪೆ ಏಳುತ್ತದೆ.

ತೇವವೇ ಕತ್ತರಿ

ಆ ಹಿಡಿತ ಸಡಿಲವಾಗುವುದು ಹೇಗೆ? ಪಾಲಿಯುರೆಥೇನ್ ಅಂದರೆ ಉದ್ದುದ್ದದ ಅಣುಸರಪಳಿಗಳು. ಕಡಿಮೆ ಖರ್ಚಿನಲ್ಲಿ ತಯಾರಾಗುವ ಕೃತಕ ಚರ್ಮದಲ್ಲಿ ಈ ಸರಪಳಿಯ ಮೆತ್ತನೆಯ ಭಾಗ ಹೆಚ್ಚಾಗಿ ಪಾಲಿಯೆಸ್ಟರ್ ಜಾತಿಯದ್ದು. ಅದರ ಕೊಂಡಿಗಳಿಗೆ ಎಸ್ಟರ್ ಅನ್ನುತ್ತಾರೆ. ಈ ಎಸ್ಟರ್ ಕೊಂಡಿಗೆ ನೀರಿನ ಅಣು ಸಿಕ್ಕಿದರೆ ಕೊಂಡಿ ತುಂಡಾಗುತ್ತದೆ. ಇದಕ್ಕೆ ಹೈಡ್ರಾಲಿಸಿಸ್ ಅಂತ ಹೆಸರು, ಅಂದರೆ ನೀರಿನಿಂದ ಒಡೆಯುವುದು. ಕೊಂಡಿ ತುಂಡಾದ ಜಾಗದಲ್ಲಿ ಒಂದು ಆಮ್ಲದ ತುದಿ ಉಳಿಯುತ್ತದೆ. ಆ ಆಮ್ಲ ಪಕ್ಕದ ಕೊಂಡಿಗಳು ಇನ್ನೂ ಬೇಗ ಒಡೆಯುವ ಹಾಗೆ ಮಾಡುತ್ತದೆ.

ಹಾಗಾಗಿಯೇ ಎರಡು ವರ್ಷ ಏನೂ ಆಗದಂತೆ ಕಂಡದ್ದು ಮೂರನೇ ವರ್ಷ ಒಂದೇ ತಿಂಗಳಲ್ಲಿ ಹಾಳಾದಂತೆ ಅನ್ನಿಸುವುದು. ಹಾಳಾಗುವ ಕೆಲಸ ಮೊದಲ ದಿನದಿಂದಲೇ ನಡೆಯುತ್ತಿತ್ತು. ವೇಗ ಮಾತ್ರ ಕೊನೆಯಲ್ಲಿ ಜಾಸ್ತಿಯಾಯಿತು.

ಇಲ್ಲಿ ಎರಡು ವಿಷಯ ಗಮನಿಸಿ. ಇದಕ್ಕೆ ಸುರಿಯುವ ನೀರೇ ಬೇಕು ಅಂತಿಲ್ಲ, ಗಾಳಿಯಲ್ಲಿರುವ ಆವಿಯೇ ಸಾಕು. ಇನ್ನೊಂದು, ಗಡಿಯಾರ ಶುರುವಾಗುವುದು ನಾವು ಕೊಂಡ ದಿನವಲ್ಲ, ಬಟ್ಟೆ ತಯಾರಾದ ದಿನ. ಗೋದಾಮಿನಲ್ಲಿ ಎರಡು ವರ್ಷ ಕೂತ ಬ್ಯಾಗು ಹೊಸದಾಗಿ ಕಂಡರೂ ಎರಡು ವರ್ಷ ಹಳೆಯದೇ. ಅಕ್ಕನ ಪ್ರಶ್ನೆಗೆ ಉತ್ತರ ಇದೇ. ಹಾಕಿಕೊಂಡರೂ ಬಿಟ್ಟರೂ ತೇವ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಬಿಸಿ ಸೇರಿದರೆ ಇದೆಲ್ಲ ಇನ್ನೂ ಬೇಗ. ಹತ್ತು ಡಿಗ್ರಿ ಬಿಸಿ ಏರಿದರೆ ಇಂಥ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ರಸಾಯನಶಾಸ್ತ್ರದ ಒಂದು ಅಂದಾಜು ಲೆಕ್ಕ. ಬಿಸಿಲಿಗೆ ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಬ್ಯಾಗು ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಇದರಿಂದಲೇ ಊಹಿಸಬಹುದು.

ಎಲ್ಲ ಪಿಯು ಒಂದೇ ಥರ ಅಲ್ಲ. ಸರಪಳಿಯ ಮೆತ್ತನೆಯ ಭಾಗ ಪಾಲಿಈಥರ್ ಆಗಿದ್ದರೆ ತೇವವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಿಸಿಲಿಗೆ ಮತ್ತು ಗಾಳಿಯ ಆಮ್ಲಜನಕಕ್ಕೆ ಸೋಲುತ್ತದೆ. ಪಾಲಿಕಾರ್ಬೊನೇಟ್ ಆಗಿದ್ದರೆ ಎರಡನ್ನೂ ತಡೆದುಕೊಂಡು ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ಸೋಫಾ ಕೊಳ್ಳುವವರು ಈ ಒಂದು ಪದ ನೆನಪಿಟ್ಟುಕೊಂಡು ಕೇಳುವುದು ಒಳ್ಳೆಯದು. ಅಂಗಡಿಯವರು ಸಾಮಾನ್ಯವಾಗಿ ಹೇಳುವುದು ಉಜ್ಜುವಿಕೆಯ ಲೆಕ್ಕ, ಅಂದರೆ ಇಷ್ಟು ಸಾವಿರ ಸಲ ಉಜ್ಜಿದರೂ ಸವೆಯಲ್ಲ ಅಂತ. ಆ ಪರೀಕ್ಷೆ ಸವೆತವನ್ನು ಅಳೆಯುತ್ತದೆ, ತೇವವನ್ನಲ್ಲ. ಒಂದು ಲಕ್ಷ ಸಲ ಉಜ್ಜಿಸಿಕೊಂಡು ಪಾಸಾದ ಬಟ್ಟೆಯೂ ತೇವದ ಕೋಣೆಯಲ್ಲಿ ಸಿಪ್ಪೆ ಬಿಡಬಹುದು. ತೇವ ತಡೆಯುವ ಪರೀಕ್ಷೆ ಬೇರೆಯೇ ಇದೆ. ಬಟ್ಟೆಯ ತುಂಡನ್ನು ಸುಮಾರು 70 ಡಿಗ್ರಿ ಬಿಸಿ, 95 ಶೇಕಡಾ ತೇವಾಂಶದ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಟ್ಟು ನೋಡುತ್ತಾರೆ. ಹೈಡ್ರಾಲಿಸಿಸ್ ಪರೀಕ್ಷೆ ಆಗಿದೆಯಾ, ಎಷ್ಟು ವಾರದ್ದು ಅಂತ ಕೇಳಿ.

ನಿಮ್ಮ ವಸ್ತು ಯಾವ ಹಂತದಲ್ಲಿದೆ

ಒರೆಸುವ ಮೊದಲು ಇದನ್ನು ನೋಡಿಕೊಳ್ಳಬೇಕು. ಸಡಿಲವಾದ ಪೊರೆಯ ಮೇಲೆ ಬಟ್ಟೆ ಎಳೆದರೆ ಇದ್ದದ್ದೂ ಹೋಗುತ್ತದೆ.

ಮೊದಲು ಹೆಚ್ಚು ಮಡಚಿಕೊಳ್ಳುವ ಜಾಗ ಹುಡುಕಿ. ಜಾಕೆಟ್‌ನಲ್ಲಿ ಮೊಣಕೈ ಒಳಭಾಗ, ಕಾಲರ್ ತಿರುವು. ಬ್ಯಾಗಿನಲ್ಲಿ ಹಿಡಿಯ ಬುಡ, ಮುಚ್ಚಳ ಬಾಗುವ ಗೆರೆ. ಅಲ್ಲಿ ನಿಧಾನವಾಗಿ ಬಾಗಿಸಿ, ಓರೆ ಬೆಳಕಿನಲ್ಲಿ ನೋಡಿ. ಬಾಗಿಸಿದಾಗ ಮೂಡಿದ ಸುಕ್ಕು ಕೈಬಿಟ್ಟ ಮೇಲೆ ಮಾಯವಾದರೆ ಪೊರೆ ಇನ್ನೂ ಜೀವಂತ. ಕೂದಲಿನಂಥ ಗೆರೆಗಳು ಹಾಗೇ ಉಳಿದರೆ ಬಿರುಕು ಶುರುವಾಗಿದೆ.

ಆಮೇಲೆ ಟೇಪಿನ ಪರೀಕ್ಷೆ. ಕಣ್ಣಿಗೆ ಬೀಳದ ಜಾಗದಲ್ಲಿ, ಕಾಗದಕ್ಕೆ ಹಚ್ಚುವ ಸಾಧಾರಣ ಪಾರದರ್ಶಕ ಟೇಪಿನ ಎರಡು ಸೆಂಟಿಮೀಟರ್ ತುಂಡನ್ನು ಹಗುರವಾಗಿ ಒತ್ತಿ, ನಿಧಾನವಾಗಿ ಎಳೆಯಿರಿ. ಟೇಪಿನ ಮೇಲೆ ಧೂಳು ಮಾತ್ರ ಬಂದರೆ ಸರಿ. ಬಣ್ಣದ ಚುಕ್ಕೆಗಳು ಬಂದರೆ ಹಿಡಿತ ಸಡಿಲವಾಗಿದೆ, ಅಂಥದ್ದನ್ನು ಒದ್ದೆ ಬಟ್ಟೆಯಿಂದ ತಿಕ್ಕಬೇಡಿ. ಮೆತ್ತನೆಯ ಬ್ರಷ್‌ನಿಂದ ಧೂಳು ಕೊಡವಿದರೆ ಸಾಕು.

ಕೊನೆಗೆ ಬೆರಳು. ಮೇಲ್ಮೈ ಅಂಟಂಟಾಗಿದ್ದರೆ ಎರಡು ಸಾಧ್ಯತೆ. ಮೈಯ ಜಿಡ್ಡು ಕೂತಿದ್ದರೆ ಸೋಪಿನ ನೀರಿಗೆ ಹೋಗುತ್ತದೆ. ಎರಡು ಸಲ ಒರೆಸಿ ಒಣಗಿಸಿದರೂ ಅಂಟು ಹೋಗದಿದ್ದರೆ ಅದು ಕೊಳೆಯಲ್ಲ, ಪಾಲಿಯುರೆಥೇನೇ ಮೆತ್ತಗಾಗಿದೆ ಅಂತ ಅರ್ಥ. ಅದಕ್ಕೆ ಮದ್ದಿಲ್ಲ.

ಇನ್ನೊಂದು ಗೊಂದಲ ಬಿಡಿಸಬೇಕು. ನಾವು ರೆಕ್ಸಿನ್ ಅಂತ ಕರೆಯುವುದರಲ್ಲಿ ಬಹಳಷ್ಟು ಪಿವಿಸಿ ಲೇಪನದ್ದು. ಅದು ಕೆಡುವ ರೀತಿ ಬೇರೆ. ಪಿವಿಸಿಯನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ವಸ್ತು ವರ್ಷ ಕಳೆದಂತೆ ಹೊರಗೆ ಬರುತ್ತದೆ, ಬಟ್ಟೆ ಗಡುಸಾಗಿ ಆಳವಾಗಿ ಸೀಳುತ್ತದೆ. ಬಾಗಿಸಿದರೆ ರಟ್ಟಿನ ಹಾಗೆ ಬಿಗಿ, ಬಿರುಕು ಬಟ್ಟೆವರೆಗೆ ಇಳಿದಿದೆ ಅಂದರೆ ಅದು ಪಿವಿಸಿ ಇರಬಹುದು. ತೆಳ್ಳಗಿನ ಸಿಪ್ಪೆ ಎದ್ದು ಕೆಳಗೆ ಮೆತ್ತನೆಯ ಬಟ್ಟೆ ಕಂಡರೆ ಹೆಚ್ಚಾಗಿ ಪಿಯು. ಚರ್ಮದ ಚೂರುಗಳನ್ನು ಅರೆದು ಅಂಟಿಸಿ, ಮೇಲೆ ಪಿಯು ಬಳಿದ ಬಾಂಡೆಡ್ ಲೆದರ್ ಕೂಡ ಹೀಗೆಯೇ ಸಿಪ್ಪೆ ಬಿಡುತ್ತದೆ. ಹೆಸರಿನಲ್ಲಿ ಲೆದರ್ ಇದೆ ಅಂತ ಮೋಸ ಹೋಗಬೇಡಿ.

ಒರೆಸುವ ಕ್ರಮ

ಟೇಪಿನ ಪರೀಕ್ಷೆಯಲ್ಲಿ ಪಾಸಾದ ವಸ್ತುವಿಗೆ ಮಾತ್ರ ಇದು.

ಮೆತ್ತನೆಯ ಒಣ ಬ್ರಷ್‌ನಿಂದ ಶುರು ಮಾಡಿ. ಹೊಲಿಗೆಯ ಸಂದು, ಜಿಪ್ಪಿನ ಅಂಚು, ಜೇಬಿನ ಬಾಯಿ ಇಲ್ಲೆಲ್ಲ ಮರಳಿನಂಥ ಧೂಳು ಕೂತಿರುತ್ತದೆ. ಅದನ್ನು ತೆಗೆಯದೆ ಒದ್ದೆ ಬಟ್ಟೆ ಹಾಕಿದರೆ ಉಪ್ಪುಕಾಗದದಿಂದ ಉಜ್ಜಿದ ಹಾಗೇ ಆಗುತ್ತದೆ.

ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಸೌಮ್ಯವಾದ ದ್ರವ ಸೋಪು ಹಾಕಿ. ಮಕ್ಕಳ ಶಾಂಪೂ ಚೆನ್ನಾಗಿ ಆಗುತ್ತದೆ. ಬಟ್ಟೆ ಒಗೆಯುವ ಪುಡಿ ಬೇಡ, ಅದು ಕ್ಷಾರ. ಕ್ಷಾರವೂ ಎಸ್ಟರ್ ಕೊಂಡಿಯನ್ನು ಒಡೆಯುತ್ತದೆ.

ಮೈಕ್ರೋಫೈಬರ್ ಬಟ್ಟೆಯನ್ನು ಇದರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ. ಎಷ್ಟು ಅಂದರೆ, ಮತ್ತೊಮ್ಮೆ ಹಿಂಡಿದರೂ ಹನಿ ಬೀಳಬಾರದು. ಈ ಒಂದು ಹೆಜ್ಜೆಯಲ್ಲಿ ಅವಸರ ಮಾಡಲೇಬೇಡಿ. ಪೊರೆಯ ಮೇಲೆ ನೀರು ನಿಂತರೆ ದೊಡ್ಡ ತೊಂದರೆಯಿಲ್ಲ, ಆದರೆ ಹೊಲಿಗೆಯ ತೂತಿನಿಂದ ನೀರು ಕೆಳಗಿನ ಬಟ್ಟೆಗೆ ಇಳಿದರೆ ಅದು ದಿನಗಟ್ಟಲೆ ಅಲ್ಲೇ ಇರುತ್ತದೆ. ಅಂದರೆ ಪೊರೆಯ ಹಿಂಬದಿಗೆ, ಹಿಡಿತ ಇರುವ ಜಾಗಕ್ಕೇ ನಾವು ತೇವ ತುಂಬಿದ ಹಾಗೆ. ವಾಷಿಂಗ್ ಮೆಷಿನ್ ಬೇಡ ಅನ್ನುವುದೂ ಇದಕ್ಕೇ.

ಒಂದು ಅಂಗೈ ಅಗಲದ ಜಾಗ ತೆಗೆದುಕೊಂಡು ಹಗುರವಾಗಿ ಒರೆಸಿ. ಆ ಜಾಗ ಮುಗಿಸಿಯೇ ಮುಂದಿನದಕ್ಕೆ ಹೋಗಿ. ಕಾಲರ್, ತೋಳಿನ ತುದಿ, ಬ್ಯಾಗಿನ ಹಿಡಿ, ಸೋಫಾದಲ್ಲಿ ತಲೆ ಒರಗುವ ಜಾಗ, ಇವುಗಳಿಗೆ ಜಾಸ್ತಿ ಸಮಯ ಕೊಡಿ. ಬೆವರು ಮತ್ತು ತಲೆಯ ಎಣ್ಣೆ ಪೊರೆಯೊಳಗೆ ಇಳಿದು ಅದನ್ನು ಮೆತ್ತಗೆ ಮಾಡುತ್ತವೆ. ಸಿಪ್ಪೆ ಮೊದಲು ಅಲ್ಲೇ ಏಳುವುದು. ಜಿಡ್ಡು ಒಂದೇ ಸಲಕ್ಕೆ ಹೋಗದಿದ್ದರೆ ಜೋರಾಗಿ ತಿಕ್ಕದೆ, ಒಣಗಿಸಿ ಮರುದಿನ ಇನ್ನೊಮ್ಮೆ ಒರೆಸಿ.

ಈಗ ಇನ್ನೊಂದು ಬಟ್ಟೆಯನ್ನು ಬರೀ ನೀರಿನಲ್ಲಿ ಅದ್ದಿ, ಅದೇ ಥರ ಹಿಂಡಿ, ಸೋಪನ್ನು ಎರಡು ಸಲ ಒರೆಸಿ ತೆಗೆಯಿರಿ. ಹಿಂದೆಯೇ ಒಣ ಬಟ್ಟೆ. ಆಮೇಲೆ ನೆರಳಿನಲ್ಲಿ, ಗಾಳಿಯಾಡುವ ಕಡೆ ಒಂದು ಪೂರ್ತಿ ದಿನ ತೂಗುಹಾಕಿ. ಬ್ಯಾಗಾದರೆ ಎಲ್ಲ ಜಿಪ್ಪು ತೆರೆದಿಡಿ. ಹೇರ್ ಡ್ರೈಯರ್ ಬೇಡ, ಬಿಸಿಲೂ ಬೇಡ.

ದಿನವೂ ಬಳಸುವ ವಸ್ತುವಿಗೆ ತಿಂಗಳಿಗೊಮ್ಮೆ ಇದು ಸಾಕು. ಸುಮ್ನೆ ಪದೇ ಪದೇ ಒದ್ದೆ ಮಾಡಿದರೆ ಲಾಭವಿಲ್ಲ.

ಹತ್ತಿರ ಸೇರಿಸಬಾರದ್ದು

ಸ್ಯಾನಿಟೈಸರ್, ಸ್ಪಿರಿಟ್, ಉಗುರುಬಣ್ಣ ತೆಗೆಯುವ ದ್ರವ, ಥಿನ್ನರ್, ಬ್ಲೀಚ್ ಯಾವುದೂ ಬೇಡ. ಸ್ಪಿರಿಟ್ ಮತ್ತು ಅಸಿಟೋನ್ ಪಾಲಿಯುರೆಥೇನನ್ನು ಉಬ್ಬಿಸಿ ಮೇಲಿನ ಪೊರೆಯನ್ನು ಸಡಿಲ ಮಾಡುತ್ತವೆ. ಪೆನ್ನಿನ ಗೀಟು ತೆಗೆಯಲು ಸ್ಯಾನಿಟೈಸರ್ ಹಚ್ಚಿ ಅಂತ ಹಲವರು ಹೇಳುತ್ತಾರೆ. ಗೀಟು ಹೋಗಬಹುದು, ಅದರ ಜೊತೆ ಹೊಳಪೂ ಬಣ್ಣವೂ ಹೋಗುತ್ತವೆ. ಗೀಟು ಹೊಸದಾಗಿದ್ದರೆ ತಕ್ಷಣ ಸೋಪಿನ ನೀರಿನಿಂದ ಒತ್ತಿ ತೆಗೆಯಿರಿ. ಒಣಗಿದ್ದರೆ ಗೀಟಿನ ಜೊತೆಗೇ ಇರುವುದು ಮೇಲು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಪೂರ್ತಿ ಆರಿದ ಮೇಲೆ ಬ್ಯಾಗು ಹಿಡಿಯಿರಿ. ಸೊಳ್ಳೆ ಓಡಿಸುವ ಕ್ರೀಮಿಗೂ ಇದೇ ಮಾತು. ಅದರಲ್ಲಿರುವ ಡೀಟ್ ಎಂಬ ವಸ್ತು ಹಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ.

ಎಣ್ಣೆ ಮತ್ತು ಲೆದರ್ ಕಂಡಿಷನರ್ ವಿಷಯದಲ್ಲಿ ಬಹಳ ಜನ ಒಳ್ಳೆಯದಾಗಲಿ ಅಂತಲೇ ತಪ್ಪು ಮಾಡುತ್ತಾರೆ. ಚರ್ಮದ ನಾರು ಎಣ್ಣೆ ಹೀರಿ ಮೆತ್ತಗಾಗುತ್ತದೆ, ನಿಜ. ಪಿಯು ಪೊರೆಗೆ ಆ ನಾರೇ ಇಲ್ಲವಲ್ಲ. ಎಣ್ಣೆ ಮೇಲೆ ಕೂತು ಧೂಳು ಹಿಡಿಯುತ್ತದೆ, ಬಿರುಕು ಇದ್ದರೆ ಒಳಗೆ ಇಳಿದು ಅಂಟಿನ ಪದರವನ್ನು ಸಡಿಲ ಮಾಡುತ್ತದೆ. ಹಚ್ಚಿದ ದಿನ ಹೊಳೆಯುತ್ತದೆ, ಅದನ್ನು ನೋಡಿ ಗುಣ ಆಯಿತು ಅನ್ನಿಸುತ್ತದೆ. ಒಡೆದ ಕೊಂಡಿಯನ್ನು ಯಾವ ಎಣ್ಣೆಯೂ ಮತ್ತೆ ಸೇರಿಸುವುದಿಲ್ಲ.

ಎತ್ತಿಡುವುದು

ನನ್ನ ಜಾಕೆಟ್ ಹಾಳಾದದ್ದು ಇಲ್ಲಿ. ಪ್ಲಾಸ್ಟಿಕ್ ಕವರ್ ತೇವವನ್ನು ಹೊರಗಿಡುತ್ತದೆ ಅಂದುಕೊಂಡಿದ್ದೆ. ಆದರೆ ಕವರ್ ಮುಚ್ಚುವಾಗಲೇ ಒಳಗಿನ ಬಟ್ಟೆ, ಲೈನಿಂಗ್, ಹೆಗಲಿನ ಪ್ಯಾಡು ಎಲ್ಲದರಲ್ಲೂ ತೇವ ಇರುತ್ತದೆ. ಮೈಯ ಬೆವರೂ ಸೇರಿರುತ್ತದೆ. ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಅದರ ಮೇಲೆ ಮಡಚಿಟ್ಟದ್ದು, ಹಾಗಾಗಿ ಕಾಲರ್ ಮೂರು ವರ್ಷ ಒಂದೇ ಗೆರೆಯಲ್ಲಿ ಬಾಗಿ ಒತ್ತಿಕೊಂಡಿತ್ತು. ಬೀರುವಿನ ಕೆಳಗಿನ ಅರೆ ಹೊರಗೋಡೆಗೆ ತಾಗಿದ್ದು, ಉಳಿದ ಅರೆಗಳಿಗಿಂತ ಅಲ್ಲಿ ತೇವ ಜಾಸ್ತಿ. ಮೂರೂ ಸೇರಿದವು.

ಈಗ ಮಾಡುವುದು ಹೀಗೆ. ಮೊದಲು ಮೇಲೆ ಹೇಳಿದಂತೆ ಒರೆಸಿ, ಎರಡು ದಿನ ನೆರಳಲ್ಲಿ ಆರಿಸುತ್ತೇನೆ. ಜಾಕೆಟ್ ಆದರೆ ಅಗಲ ಹೆಗಲಿನ ಹ್ಯಾಂಗರ್‌ಗೆ ಹಾಕಿ, ಹತ್ತಿಯ ಬಟ್ಟೆಯ ಚೀಲ ಹೊದಿಸಿ, ಮಧ್ಯದ ಅರೆಯಲ್ಲಿ ತೂಗುಹಾಕುತ್ತೇನೆ. ಬ್ಯಾಗು ಆದರೆ ಆಕಾರ ಉಳಿಯುವಷ್ಟು ಬಿಳಿ ಕಾಗದ ತುಂಬುತ್ತೇನೆ. ಸುದ್ದಿಪತ್ರಿಕೆ ಬೇಡ, ಅದರ ಶಾಯಿ ಪೊರೆಗೆ ಇಳಿದರೆ ಹೋಗುವುದಿಲ್ಲ. ಎರಡು ಪಿಯು ಮೇಲ್ಮೈ ಒಂದಕ್ಕೊಂದು ಒತ್ತಿಕೊಂಡಿರಬಾರದು, ಮೆತ್ತಗಾದರೆ ಅಂಟಿಕೊಳ್ಳುತ್ತವೆ. ಪಿವಿಸಿ ವಸ್ತುವಿನ ಪಕ್ಕವೂ ಬೇಡ, ಅದರಿಂದ ಹೊರಬರುವ ಎಣ್ಣೆ ಇದಕ್ಕೆ ಹತ್ತುತ್ತದೆ.

ಬೀರುವಿನೊಳಗೆ ಒಂದು ಚಿಕ್ಕ ತೇವಮಾಪಕ ಇಟ್ಟಿದ್ದೇನೆ. ಅದು 40ರಿಂದ 50 ಶೇಕಡಾ ತೋರಿಸಿದರೆ ನಿಶ್ಚಿಂತೆ. 60 ದಾಟಿದರೆ ಏನಾದರೂ ಮಾಡಬೇಕು. ಒಣ ದಿನ ಬೀರು ತೆರೆದಿಡುವುದು ಒಂದು ದಾರಿ. ತೇವ ತಿಂಗಳುಗಟ್ಟಲೆ ಬಿಡದ ಕಡೆ ಬಿಗಿ ಮುಚ್ಚಳದ ಡಬ್ಬಿ ಮತ್ತು ಸಿಲಿಕಾ ಜೆಲ್ ಇನ್ನೊಂದು ದಾರಿ.

ಹಾಗಾದರೆ ಮುಚ್ಚಿದ ಕವರ್ ತಪ್ಪು, ಮುಚ್ಚಿದ ಡಬ್ಬಿ ಸರಿಯಾ? ಹೌದು, ವ್ಯತ್ಯಾಸ ಒಳಗಿನ ಜೆಲ್‌ನದ್ದು. ಒಂದು ಲೆಕ್ಕ ನೋಡಿ. 30 ಲೀಟರ್ ಡಬ್ಬಿಯಲ್ಲಿ 30 ಡಿಗ್ರಿ ಬಿಸಿ, 80 ಶೇಕಡಾ ತೇವಾಂಶದ ಗಾಳಿ ಇದ್ದರೆ, ಆ ಗಾಳಿಯಲ್ಲಿರುವ ನೀರು ಒಂದು ಗ್ರಾಮಿಗಿಂತ ಕಡಿಮೆ. ಅಷ್ಟನ್ನು ಹೀರಲು ಚಿಕ್ಕ ಪೊಟ್ಟಣ ಸಾಕು. ಆದರೆ ಲೈನಿಂಗ್ ಮತ್ತು ಒಳಗೆ ತುಂಬಿದ ಕಾಗದದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ನೀರಿರುತ್ತದೆ. ಮುಚ್ಚಳದ ಸಂದಿನಿಂದಲೂ ನಿಧಾನವಾಗಿ ಬರುತ್ತಿರುತ್ತದೆ. ಅದಕ್ಕೇ ಇಷ್ಟು ದೊಡ್ಡ ಡಬ್ಬಿಗೆ ನಾನು 100 ಗ್ರಾಂ ಹಾಕುತ್ತೇನೆ. ಬಣ್ಣ ಬದಲಾಗುವ ಜೆಲ್ ತನ್ನಿ. ಕಿತ್ತಳೆ ಬಣ್ಣದ್ದು ಹಸಿರಾದರೆ ಹೀರಿ ತುಂಬಿದೆ ಅಂತ ಅರ್ಥ, ಪೊಟ್ಟಣದ ಮೇಲೆ ಹೇಳಿದ ಬಿಸಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಜೆಲ್ ಪೊಟ್ಟಣ ಪಿಯು ಮೇಲ್ಮೈಗೆ ನೇರವಾಗಿ ತಾಗದಿರಲಿ.

ಮೂರು ತಿಂಗಳಿಗೊಮ್ಮೆ ಹೊರಗೆ ತೆಗೆದು, ಮಡಿಕೆಯ ಜಾಗ ಬದಲಿಸಿ, ಟೇಪಿನ ಪರೀಕ್ಷೆ ಮಾಡಿ ಒಳಗಿಡಿ. ಇಷ್ಟೆಲ್ಲ ಮಾಡಿದರೂ ಹೈಡ್ರಾಲಿಸಿಸ್ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಹಾಗಾಗಿ ವಿಶೇಷ ದಿನಕ್ಕೆ ಅಂತ ಎತ್ತಿಡಬೇಡಿ. ಪಿಯು ವಸ್ತು ಕೊಂಡರೆ ಬಳಸಿ. ಹಾಕಿಕೊಳ್ಳುವಾಗ ಅದಕ್ಕೆ ಗಾಳಿಯೂ ಸಿಗುತ್ತದೆ, ತೊಂದರೆ ಶುರುವಾದರೆ ಬೇಗ ಕಣ್ಣಿಗೂ ಬೀಳುತ್ತದೆ.

ಎದ್ದ ಸಿಪ್ಪೆಗೆ ಏನು ಮಾಡುವುದು

ಎರಡು ಥರದ ಗಾಯ ಇರುತ್ತದೆ. ಚೂಪಾದದ್ದು ತಗುಲಿ ಒಂದು ಕಡೆ ಮಾತ್ರ ಪೊರೆ ಹರಿದಿದೆ, ಸುತ್ತಲಿನ ಜಾಗ ಟೇಪಿನ ಪರೀಕ್ಷೆಯಲ್ಲಿ ಗಟ್ಟಿಯಾಗಿದೆ ಅಂದರೆ ಸರಿಪಡಿಸಬಹುದು. ಎದ್ದ ಅಂಚನ್ನು ಚಿಕ್ಕ ಕತ್ತರಿಯಿಂದ ನೀಟಾಗಿ ಕತ್ತರಿಸಿ. ಒಣಗಿದ ಮೇಲೂ ಬಾಗುವ, ನೀರು ಆಧಾರದ ಲೆದರ್ ಫಿಲ್ಲರ್ ಅನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಇನ್ನೊಂದು ಸಲ ಸವರಿ. ಮೇಲೆ ಲೆದರ್‌ಗೆ ಹಚ್ಚುವ ಅಕ್ರಿಲಿಕ್ ಬಣ್ಣ. ದಪ್ಪಗೆ ಒಂದೇ ಸಲ ಹಚ್ಚಿದರೆ ಮೊದಲ ಮಡಿಕೆಗೇ ಬಿರಿಯುತ್ತದೆ.

ತೇವದಿಂದ ಎದ್ದ ಸಿಪ್ಪೆಗೆ ಇದು ಆಗುವುದಿಲ್ಲ. ಅಲ್ಲಿ ಸುತ್ತಲಿನ ಪೊರೆಯೂ ಪುಡಿಯಾಗುತ್ತಿರುತ್ತದೆ. ಫಿಲ್ಲರ್ ಆ ಪುಡಿಗೆ ಅಂಟುತ್ತದೆ, ಬಟ್ಟೆಗೆ ಅಲ್ಲ. ವಾರದಲ್ಲಿ ತೇಪೆಯ ಪಕ್ಕದಲ್ಲೇ ಹೊಸ ಸಿಪ್ಪೆ ಏಳುತ್ತದೆ. ನನ್ನ ಜಾಕೆಟ್‌ನ ಕಾಲರ್ ಮೇಲೆ ಒಂದು ಕಡೆ ಪ್ರಯತ್ನಿಸಿ ನೋಡಿದೆ, ಹತ್ತನೇ ದಿನಕ್ಕೆ ತೇಪೆ ಪೂರ್ತಿ ಎದ್ದು ಬಂತು. ಅದರ ಬೆನ್ನಿಗೆ ಪುಡಿಯಾದ ಕಪ್ಪು ಪೊರೆ ಅಂಟಿಕೊಂಡೇ ಇತ್ತು.

ಆ ಜಾಕೆಟ್‌ನ ಜಿಪ್ಪು, ಲೈನಿಂಗ್, ಗುಂಡಿಗಳನ್ನು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಕಸಕ್ಕೆ ಹಾಕಿಬಿಟ್ಟೆ. ಅದೇ ಅರೆಯಲ್ಲಿ ಅಕ್ಕನ ಕಂದು ಬ್ಯಾಗೊಂದು ಇತ್ತು, ಅದೂ ಪಿಯು, ಎರಡು ವರ್ಷದ್ದು. ಟೇಪಿಗೆ ಏನೂ ಬರಲಿಲ್ಲ. ಹಿಡಿಯ ಬುಡದಲ್ಲಿ ಮಾತ್ರ ಎರಡು ಕೂದಲೆಳೆ ಗೆರೆ. ಒರೆಸಿ, ಆರಿಸಿ, ಕಾಗದ ತುಂಬಿ ಮೇಲಿನ ಅರೆಗೆ ಸೇರಿಸಿದೆ. ಒಳಜೇಬಿನಲ್ಲಿ ಇವತ್ತಿನ ತಾರೀಖು ಬರೆದ ಚೀಟಿ ಇಟ್ಟಿದ್ದೇನೆ. ಮುಂದಿನ ಸಲ ಟೇಪು ಒತ್ತುವಾಗ ಆ ಎರಡು ಗೆರೆ ಎರಡೇ ಇವೆಯಾ ಅಂತ ಮೊದಲು ಎಣಿಸಬೇಕು.